ಬದಲಿಸಲಾಗದ ಭಾಗಕ್ಕೆ ಮೊದಲ ಹಣ

ಬಿಸಿಎಗೋ ಎಂಜಿನಿಯರಿಂಗ್‌ಗೋ ಸೇರಿದ ಮಕ್ಕಳಿಗೆ 40 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಕೊಡಿಸಲು ಹೊರಟವರ ಕಣ್ಣು ಅಂಗಡಿಯಲ್ಲಿ ಮೊದಲು ಬೀಳುವುದು ಪ್ರೊಸೆಸರಿನ ಸ್ಟಿಕ್ಕರ್ ಮೇಲೆ. ಆದರೆ ಅಲ್ಲಿನ ಅಂಕಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದರಲ್ಲಿ ಯಾವುದನ್ನು ನಾಳೆ ಬದಲಿಸಬಹುದು, ಯಾವುದನ್ನು ಬದಲಿಸಲಾಗದು? ಪ್ರೊಸೆಸರ್ ಮದರ್‌ಬೋರ್ಡಿಗೆ ಬೆಸೆದುಕೊಂಡಿರುತ್ತದೆ. ಯಂತ್ರ ಇರುವಷ್ಟು ದಿನ ಅದೇ ಗತಿ. ಎಸ್‌ಎಸ್‌ಡಿಯನ್ನು ಹೆಚ್ಚಿನ ಮಾದರಿಗಳಲ್ಲಿ ತೆಗೆದು ದೊಡ್ಡದನ್ನು ಹಾಕಬಹುದು. ರ‍್ಯಾಮ್ ಮಾತ್ರ ಎರಡೂ ಬಗೆಯಲ್ಲಿ ಬರುತ್ತದೆ: ಕೆಲವುಗಳಲ್ಲಿ ಸ್ಲಾಟ್, ಕೆಲವುಗಳಲ್ಲಿ ಬೆಸುಗೆ. ಕಡಿಮೆ ಹಣದ ಖರೀದಿ ಕೆಡುವುದು ಬಹುತೇಕ ಇಲ್ಲಿಯೇ.

ಎಎಂಡಿಯ ಎರಡು ಪ್ರೊಸೆಸರುಗಳನ್ನೇ ನೋಡಿ. ರೈಜೆನ್ 5 7520U ಮತ್ತು ರೈಜೆನ್ 5 7530U. ವ್ಯತ್ಯಾಸ ಒಂದೇ ಅಂಕಿಯದು. ಈ ಸರಣಿಯಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸದ ತಲೆಮಾರನ್ನು ಹೇಳುತ್ತದೆ. 2 ಎಂದರೆ 2019ರಲ್ಲಿ ಬಂದ ಝೆನ್ 2, 3 ಎಂದರೆ ಅದರ ಮರುವರ್ಷದ ಝೆನ್ 3. ಮೊದಲನೆಯದರಲ್ಲಿ 4 ಕೋರ್, ಎರಡನೆಯದರಲ್ಲಿ 6. ಇದಕ್ಕಿಂತ ಮುಖ್ಯವಾದದ್ದು, 7520U ಬೆಸೆದು ಕೂರಿಸುವ ಎಲ್‌ಪಿಡಿಡಿಆರ್5 ರ‍್ಯಾಮ್ ಜೊತೆಗಷ್ಟೇ ಕೆಲಸ ಮಾಡುತ್ತದೆ. 8 ಜಿಬಿಯದನ್ನು ತಂದರೆ ಕೊನೆಯವರೆಗೂ 8 ಜಿಬಿಯೇ. 7530U ಸಾಮಾನ್ಯ ಡಿಡಿಆರ್4 ಅನ್ನೂ ಒಪ್ಪುವುದರಿಂದ ಅದರ ಹಲವು ಮಾದರಿಗಳಲ್ಲಿ ಸ್ಲಾಟ್ ಸಿಗುತ್ತದೆ. ಹಾಗಾಗಿ 512 ಜಿಬಿ ಎಸ್‌ಎಸ್‌ಡಿಯಿರುವ 7520Uಗಿಂತ 256 ಜಿಬಿಯ 7530U, ಅದೂ ಸ್ಲಾಟ್ ಇದ್ದರೆ, ನನ್ನ ಲೆಕ್ಕದಲ್ಲಿ ಖಂಡಿತ ಮೇಲು. ಜಾಗ ಸಾಲದಾದಾಗ ಕೊಳ್ಳಬಹುದು, ಕೋರ್ ಕೊಳ್ಳಲಾಗದು.

ಓದುವ ಮಕ್ಕಳಿಗೆ 8 ಜಿಬಿ ಸಾಲದೇ ಎಂಬುದು ನ್ಯಾಯವಾದ ಆಕ್ಷೇಪ. ವರ್ಡ್, ಪಿಡಿಎಫ್, ಸಣ್ಣ ಸಿ ಪ್ರೋಗ್ರಾಮ್ ಇಷ್ಟೇ ಆದರೆ ಸಾಕು. ಬಿಕಾಂ ವಿದ್ಯಾರ್ಥಿಗೆ ನಾನೂ ಹೆಚ್ಚು ಒತ್ತಾಯಿಸುವುದಿಲ್ಲ. ಆದರೆ ವಿಂಡೋಸ್ 11 ತಾನೇ 3–4 ಜಿಬಿ ಹಿಡಿದುಕೊಳ್ಳುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಕೆಲಸಕ್ಕೂ ಅದೇ ರ‍್ಯಾಮಿನಿಂದ ಪಾಲು ಹೋಗುತ್ತದೆ. ಮೂರನೇ ವರ್ಷದಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ತೆರೆದು ಎಮ್ಯುಲೇಟರ್ ಓಡಿಸಿದರೆ ರ‍್ಯಾಮ್ ತುಂಬಿ, ವಿಂಡೋಸ್ ಮಿಕ್ಕ ಡೇಟಾವನ್ನು ಎಸ್‌ಎಸ್‌ಡಿಗೆ ಬರೆದು ಮತ್ತೆ ಓದತೊಡಗುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾದರೂ ರ‍್ಯಾಮಿಗೆ ಸಮನಲ್ಲ. ಟ್ಯಾಬ್ ಬದಲಿಸಿದಾಗಲೆಲ್ಲ ಯಂತ್ರ ತಡವರಿಸುವುದು, ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಶೇ 90 ದಾಟಿಯೂ ಪ್ರೊಸೆಸರ್ ಬಿಡುವಾಗಿರುವುದು ಇದರ ಗುರುತು. ಆಗ ಕೋರ್ ಐ7 ಇದ್ದರೂ ಪ್ರಯೋಜನವಿಲ್ಲ.

ಬಿಲ್ ಮಾಡಿಸುವ ಮೊದಲು ಅಂಗಡಿಯಲ್ಲೇ Ctrl+Shift+Esc ಒತ್ತಿ, Performance ವಿಭಾಗದ Memory ತೆರೆಯಿರಿ. Form factor ಎದುರು SODIMM ಎಂದಿದ್ದರೆ ಕಳಚಬಲ್ಲ ರ‍್ಯಾಮ್. Row of chips ಎಂದಿದ್ದರೆ ಬೆಸುಗೆಯದು. ಖಾಲಿ ಸ್ಲಾಟ್ ಬೇರೆ ಇದೆಯೇ ಎಂದು ಆ ಮಾದರಿಯ ವಿವರಪಟ್ಟಿಯಲ್ಲಿ ನೋಡಿ. ಇಲ್ಲವಾದರೆ 16 ಜಿಬಿಯದನ್ನೇ ಕೇಳಿ.