ಬಳಲಿದ ಸಂಜೆಯ ಚಿತ್ರ

ನಾಟ್ಯವು ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುವಾಗ ಭರತಮುನಿಯು ತನ್ನ ಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ದುಃಖದಿಂದ ನೊಂದವರನ್ನೂ, ದುಡಿದು ಬಳಲಿದವರನ್ನೂ, ಶೋಕಾರ್ತರನ್ನೂ, ತಪಸ್ವಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಇವರೆಲ್ಲರಿಗೂ ಕಾಲಕ್ಕೆ ವಿಶ್ರಾಂತಿಯನ್ನು ಕೊಡತಕ್ಕದ್ದು ಇದೇ ಎಂದಿರುವನು. ಈ ಮಾತನ್ನು ವಿಮರ್ಶಕರು ಬಹುಮಟ್ಟಿಗೆ ಮರೆತಿದ್ದಾರೆ. ಚಲಚ್ಚಿತ್ರಗಳ ವಿಷಯವಾಗಿ ಬರೆಯುವವರು ಸಾಮಾನ್ಯವಾಗಿ ಗಹನವಾದವನ್ನು ಎತ್ತಿಹಿಡಿದು, ಹಗುರವಾದವನ್ನು ಹೊತ್ತು ಕಳೆಯುವ ಸಾಮಗ್ರಿಯೆಂದು ತಳ್ಳಿಬಿಡುವರು. ಹೀಗೆ ತಳ್ಳಿದುದರ ಫಲವೇನೆಂದರೆ, ಹಗುರವಾದ ಚಿತ್ರಗಳಲ್ಲಿ ಯಾವುದು ನಿಜವಾಗಿ ವಿಶ್ರಾಂತಿಯನ್ನು ಕೊಡುತ್ತದೆ, ಯಾವುದು ಕೊಡುವಂತೆ ತೋರಿ ಕೊನೆಗೆ ಕಣ್ಣೀರಿಗೆ ನೂಕುತ್ತದೆ ಎಂಬ ವಿವೇಚನೆಯೇ ಬೆಳೆಯಲಿಲ್ಲ. ಬಳಲಿ ಮನೆಗೆ ಬಂದವನಿಗೆ ಬೇಕಾದದ್ದು ಈ ವಿವೇಚನೆಯೇ.

ಕುಣಿಗಲಿನ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಯಜಮಾನನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಗೃಹಿಣಿಯು ಶಾಲೆಯಲ್ಲಿ ಉಪಾಧ್ಯಾಯಿನಿ. ವೃದ್ಧಳಾದ ತಾಯಿ ಇದ್ದಾಳೆ. ಊಟವಾದ ಮೇಲೆ ಮೂವರೂ ಟೀವಿಯ ಮುಂದೆ ಕುಳಿತರೆ ಸಾವಿರಾರು ಚಿತ್ರಗಳ ಪಟ್ಟಿ ಕಣ್ಣೆದುರಿಗೆ ಸರಿಯತೊಡಗುತ್ತದೆ. “ಯಾವುದಾದ್ರೂ ಒಂದು ಹಾಕೋ ಮಗ” ಎಂದು ತಾಯಿ. “ನಿಮಗೆ ಯಾವುದು ಬೇಕೋ ಅದನ್ನೇ ಹಾಕಿ, ಅಂದ್ರೆ” ಎಂದು ಹೆಂಡತಿ. “ನೀನೇ ಹೇಳು” ಎಂದು ಅವನು. ಹೀಗೆ ಮುಕ್ಕಾಲು ಗಂಟೆ ಕಳೆದು, ತಾಯಿಯು ತೂಕಡಿಸಿ ಎದ್ದುಹೋಗಿ, ಉಳಿದಿಬ್ಬರೂ ಒಬ್ಬರ ಮೇಲೊಬ್ಬರು ಸ್ವಲ್ಪ ಮುನಿಸಿಕೊಂಡು ದೀಪ ಆರಿಸುತ್ತಾರೆ. ಚಿತ್ರವನ್ನು ನೋಡಲಿಲ್ಲ, ನಿದ್ರೆಯೂ ಹಾಳಾಯಿತು.

ಇದು ಸೋಮಾರಿತನವಲ್ಲ. ಭರತನು ಎಣಿಸಿರುವ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಗ್ಲಾನಿ, ಶ್ರಮ, ಆಲಸ್ಯ, ವಿತರ್ಕ ಎಂಬ ನಾಲ್ಕೂ ಆ ಕೊಠಡಿಯಲ್ಲಿ ಒಟ್ಟಿಗೆ ಸೇರಿವೆ. ಶ್ರಮವು ವಿತರ್ಕವನ್ನು ಹೆಚ್ಚಿಸುವುದೇ ಹೊರತು ಅದಕ್ಕೆ ಕೊನೆಗಾಣಿಸುವ ಬಲವನ್ನು ಕೊಡುವುದಿಲ್ಲ. ಇದಕ್ಕಿಂತಲೂ ಸೂಕ್ಷ್ಮವಾದ ಮಾತನ್ನು ಅಭಿನವಗುಪ್ತಾಚಾರ್ಯರು ತಮ್ಮ ವ್ಯಾಖ್ಯಾನದಲ್ಲಿ ಹೇಳಿದ್ದಾರೆ. ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನದೇ ಆದ ಸುಖದುಃಖಗಳಿಗೆ ವಶನಾಗಿರುವುದನ್ನು ಅವರು ಒಂದು ವಿಘ್ನವಾಗಿ ಹಿಡಿದಿದ್ದಾರೆ. ಕಚೇರಿಯ ಕಡತವನ್ನು ಮನಸ್ಸಿನಲ್ಲಿಯೇ ಹೊತ್ತು ಬಂದವನು ಪರರ ಕಥೆಯೊಳಕ್ಕೆ ಹೇಗೆ ಹೊಗುವನು? ಇದಕ್ಕೆ ಅವರು ಸೂಚಿಸುವ ಪರಿಹಾರ ಉಪದೇಶವಲ್ಲ, ಗಂಭೀರವಾದ ವಸ್ತುವೂ ಅಲ್ಲ. ಗಾನ, ವಾದ್ಯ, ಅಲಂಕೃತವಾದ ರಂಗಮಂಟಪ ಮೊದಲಾದ ರಂಜಕಸಾಮಗ್ರಿಗಳು. ಇವು ಮನಸ್ಸನ್ನು ಮೊದಲು ಮೆಲ್ಲನೆ ಸೆಳೆದುಕೊಳ್ಳುತ್ತವೆ. ಕಥೆಯ ಕೆಲಸವು ಆಮೇಲಿನದು. ಆದಕಾರಣ ಬಳಲಿದ ಸಂಜೆಯ ಚಿತ್ರಕ್ಕೆ ಮೊದಲ ಲಕ್ಷಣ ಇದು: ಪ್ರೇಕ್ಷಕನಿಂದ ಏನನ್ನೂ ಕೇಳುವುದಕ್ಕೆ ಮುಂಚೆ ಅದು ತಾನು ಏನನ್ನಾದರೂ ಕೊಡಬೇಕು. ಪರಿಚಿತವಾದ ಮುಖ, ಪರಿಚಿತವಾದ ಕಂಠ, ಒಂದು ಹಾಡು, ಕಂಡಿರುವ ಬೀದಿ, ಇಷ್ಟಿದ್ದರೆ ಸಾಕು.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘದವರು ಇದನ್ನು ಶಾಸ್ತ್ರವನ್ನು ನೋಡದೆಯೇ ಅರಿತಿದ್ದರು. ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರು ಕಳ್ಳನ ಪಾತ್ರವನ್ನು ವಹಿಸುತ್ತಿದ್ದರು. ಆ ಕಥೆಯು ಹೇಗೆ ಮುಗಿಯುವುದೆಂಬುದನ್ನು ತಿಳಿಯಲಿಕ್ಕೆಂದು ಯಾರೂ ಎರಡನೆಯ ಸಲ, ಮೂರನೆಯ ಸಲ ಹೋಗುತ್ತಿರಲಿಲ್ಲ. ಆ ಕಳ್ಳನು ಮತ್ತೆ ಬರುವನು, ಬಂದು ನಗಿಸುವನು ಎಂದು ತಿಳಿದೇ ಹೋಗುತ್ತಿದ್ದರು. ಆಯ್ಕೆಯ ಭಾರವೂ ಪ್ರೇಕ್ಷಕನ ಮೇಲಿರಲಿಲ್ಲ. ಈ ರಾತ್ರಿ ಯಾವ ನಾಟಕವೆಂಬುದನ್ನು ಕಂಪೆನಿಯವರೇ ಗೊತ್ತುಮಾಡಿ ಸಾರುತ್ತಿದ್ದರು, ಹೋಗುವುದೋ ಬಿಡುವುದೋ ಎಂಬಿಷ್ಟೇ ಉಳಿದಿತ್ತು. ಟೆಂಟು ಸಿನಿಮಾದ ಕಾಲದಲ್ಲಿಯೂ ಹಾಗೆಯೇ. ಅದೇ ಗುಬ್ಬಿ ಕಂಪೆನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರಗಳಿಗೆ ಬಂದ ತಿಪಟೂರಿನ ನರಸಿಂಹರಾಜು ಅವರ ಮುಖವು ಪರದೆಯ ಮೇಲೆ ಮೂಡಿದೊಡನೆಯೇ, ಅವರು ಬಾಯಿ ತೆರೆಯುವ ಮೊದಲೇ, ಜನ ನಗಲು ಸಿದ್ಧರಾಗುತ್ತಿದ್ದರು. ಆಚಾರ್ಯರು ಹೇಳಿದ ವಿಘ್ನವು ಅಷ್ಟರಲ್ಲಿಯೇ ಕರಗಿರುತ್ತಿತ್ತು.

ಹಾಗಾದರೆ ನಗೆಯ ಚಿತ್ರವೆಲ್ಲವೂ ವಿಶ್ರಾಂತಿಯ ಚಿತ್ರವೆ? ಅಲ್ಲ. ಇದನ್ನು ಪರೀಕ್ಷಿಸಲು ಒಂದೇ ಕೈಯಿಂದ ಬಂದ ಎರಡು ಚಿತ್ರಗಳು ಒದಗಿವೆ. ಫಣಿ ರಾಮಚಂದ್ರ ಅವರು ನಿರ್ದೇಶಿಸಿ, ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅಭಿನಯಿಸಿದ ‘ಗಣೇಶನ ಮದುವೆ’ 1990ರಲ್ಲಿ ಬಂದಿತು. ಅದೇ ನಿರ್ದೇಶಕರ, ಅದೇ ಜೋಡಿಯ ‘ಗೌರಿ ಗಣೇಶ’ ಮರುವರ್ಷ ಬಂದಿತು. ಎರಡೂ ಜನಪ್ರಿಯವಾದವು. ಕುಶಲತೆಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಡಮೆಯಲ್ಲ. ಕಥಾಬಂಧದಲ್ಲಿ ಒಂದು ಕೈ ಮೇಲೆಂದರೂ ಸಲ್ಲುವುದು. ಆದರೂ ಬಳಲಿದ ಸಂಜೆಗೆ ಮೊದಲನೆಯದೇ ತಕ್ಕದ್ದು. ಏಕೆ?

‘ಗಣೇಶನ ಮದುವೆ’ಯ ವಸ್ತು ಒಂದು ವಠಾರ. ಮನೆಯ ಯಜಮಾನ ರಮಣಮೂರ್ತಿಗೂ ಬಾಡಿಗೆದಾರನಾದ ಗಣೇಶನಿಗೂ ಆಗಿಬರುವುದಿಲ್ಲ. ಯಜಮಾನನ ಮಗಳು ಆದಿಲಕ್ಷ್ಮಿಗೂ ಗಣೇಶನಿಗೂ ದಿನ ಬೆಳಗಾದರೆ ಜಗಳ. ಗಣೇಶನು ಶ್ರುತಿಯೆಂಬ ಗಾಯಕಿಯ ಕಂಠಕ್ಕೆ ಮನಸೋತು, ವೈ. ಜಿ. ರಾವ್ ಎಂಬ ಹೆಸರಿನಿಂದ ಅವಳಿಗೆ ಓಲೆ ಬರೆಯುತ್ತಾನೆ. ಆ ಶ್ರುತಿಯೇ ಆದಿಲಕ್ಷ್ಮಿ. ಹಗಲು ಜಗಳವಾಡುವ ಇಬ್ಬರೇ ಓಲೆಗಳಲ್ಲಿ ಒಬ್ಬರನ್ನೊಬ್ಬರು ಮೆಚ್ಚುತ್ತಿದ್ದಾರೆಂಬುದು ಪ್ರೇಕ್ಷಕನಿಗೆ ಗೊತ್ತು. ಪಾತ್ರಗಳಿಗೆ ಬಹಳ ಹೊತ್ತು ಗೊತ್ತಿಲ್ಲ. ನೋಡುವವನು ಪಾತ್ರಗಳಿಗಿಂತ ಒಂದು ಮೆಟ್ಟಿಲು ಮೇಲೆ ಕುಳಿತಿರುವುದರಿಂದ ಪ್ರತಿಯೊಂದು ಜಗಳವೂ ಅವನಿಗೆ ಮದುವೆಯ ಕಡೆಗೆ ಇಟ್ಟ ಹೆಜ್ಜೆಯಾಗಿಯೇ ಕಾಣುವುದು. ಚಿತ್ರದ ಹೆಸರಿನಲ್ಲಿಯೇ ಮದುವೆಯೆಂದು ಬರೆದಿದೆಯಲ್ಲ! ನಮ್ಮ ನಾಟಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೆಸರೇ ಮಾಡಿಬಿಟ್ಟಿದೆ.

ಗುಟ್ಟು ಬಯಲಾದರೆ ಏನಾಗುವುದು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ‘ಗಣೇಶನ ಮದುವೆ’ಯಲ್ಲಿ ಗುಟ್ಟು ಬಯಲಾದರೆ ಇಬ್ಬರಿಗೂ ಸಂತೋಷವೇ, ಹೆಚ್ಚೆಂದರೆ ಕ್ಷಣಕಾಲ ನಾಚಿಕೆ. ‘ಗೌರಿ ಗಣೇಶ’ದಲ್ಲಿ ಹಾಗಲ್ಲ. ಅಲ್ಲಿ ಲಂಬೋದರನೆಂಬ ಚತುರನು ತೀರಿಹೋದ ಗೌರಿಯೆಂಬ ಹೆಣ್ಣಿನ ದಿನಚರಿಯನ್ನು ಹಿಡಿದು, ಅವಳಿಗೆ ಮಗುವೊಂದು ಇದೆಯೆಂದು ಮೂವರು ಗಂಡಸರನ್ನು ಬೇರೆ ಬೇರೆಯಾಗಿ ನಂಬಿಸಿ ಹಣ ಕೀಳುತ್ತಾನೆ. ನಗೆಯು ಧಾರಾಳವಾಗಿದೆ, ಸಂದೇಹವಿಲ್ಲ. ಆದರೆ ಅಲ್ಲಿ ಗುಟ್ಟು ಬಯಲಾದರೆ ಮಾನ ಹೋಗುವುದು. ಹಾಗಾಗಿ ನೋಡುವವನು ನಗುತ್ತ ನಗುತ್ತಲೇ ಲೆಕ್ಕ ಹಾಕುತ್ತಿರಬೇಕಾಗುವುದು: ಯಾರಿಗೆ ಯಾವ ಸುಳ್ಳನ್ನು ಹೇಳಲಾಗಿದೆ, ಈಗ ಬಾಗಿಲು ತಟ್ಟಿದವನಿಗೆ ಏನು ಗೊತ್ತು? ಇದು ಎಚ್ಚರವಾಗಿರುವ ಭಾನುವಾರದ ಮಧ್ಯಾಹ್ನಕ್ಕೆ ಸೊಗಸಾದದ್ದು. ಹಗಲೆಲ್ಲ ಲೆಕ್ಕ ಬರೆದು ಬಂದ ಗುಮಾಸ್ತನಿಗೆ ರಾತ್ರಿಯೂ ಮತ್ತೊಂದು ಲೆಕ್ಕವನ್ನು ಒಪ್ಪಿಸಿದಂತಾಗುವುದು.

ಓಲೆಗಳ ಈ ಉಪಾಯವು ಕನ್ನಡಕ್ಕೇ ಮೀಸಲಾದುದಲ್ಲ. 1940ರಲ್ಲಿ ಲುಬಿಚ್ ಎಂಬ ನಿರ್ದೇಶಕನು ಅಮೆರಿಕೆಯಲ್ಲಿ ತೆಗೆದ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ಎಂಬ ಚಿತ್ರದಲ್ಲಿ ಬುಡಾಪೆಸ್ಟ್ ನಗರದ ಅಂಗಡಿಯೊಂದರ ಇಬ್ಬರು ನೌಕರರು ಹೀಗೆಯೇ ಹಗಲು ಕಿತ್ತಾಡಿ, ಹೆಸರರಿಯದೆ ಓಲೆಗಳಲ್ಲಿ ಒಲಿಯುತ್ತಾರೆ. ಅದು ನಿಸ್ಸಂದೇಹವಾಗಿ ಉತ್ತಮತರವಾದ ಕೃತಿ. ಆದರೆ ಅಲ್ಲಿ ಅಂಗಡಿಯ ಯಜಮಾನನು ಹೆಂಡತಿಯ ದ್ರೋಹವನ್ನು ತಿಳಿದು ಪ್ರಾಣಬಿಡಲು ಯತ್ನಿಸುವ ಒಂದು ಸನ್ನಿವೇಶವುಂಟು. ಆ ನೆರಳು ಹಾದುಹೋದ ಬಳಿಕ ನಗೆಯು ಮೊದಲಿನಂತಿರುವುದಿಲ್ಲ. ಕೃತಿಯ ಗುಣಕ್ಕೆ ಅದು ಬೇಕು, ಬಳಲಿಕೆಗೆ ಬೇಡ. ನಗೆಯಲ್ಲಿ ಭರತನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಗಳನ್ನು ಹೇಳಿ, ಮೊದಲೆರಡನ್ನು ಉತ್ತಮರಿಗೆ ವಿಧಿಸಿದ್ದಾನೆ. ದಣಿದವರಿಗೂ ಅವೆರಡೇ ಹಿತವೆಂದು ಸೇರಿಸಬಹುದು. ಹೊಟ್ಟೆ ಹಿಡಿದುಕೊಂಡು ನಗುವುದಕ್ಕೂ ಮೈಯಲ್ಲಿ ಕಸುವು ಬೇಕಷ್ಟೆ.

ಜನರು ಸಾಮಾನ್ಯವಾಗಿ ಎಡವುವುದು ನೆನಪಿನ ದೋಷದಿಂದ. ಚಿತ್ರದಲ್ಲಿ ಮನಸ್ಸಿಗೆ ಅಂಟಿ ಉಳಿಯುವುದು ಹಾಡು, ಮರೆತುಹೋಗುವುದು ಕೊನೆ. 1972ರ ‘ಬಂಗಾರದ ಮನುಷ್ಯ’ ಎಂದೊಡನೆ ಹೊಲ, ನೀರು, ಪೈರು, ಗೀತೆಗಳು ಕಣ್ಮುಂದೆ ಬರುತ್ತವೆ. ನೋಡಲು ಕುಳಿತರೆ ಹೆಂಡತಿಯ ಮರಣವೂ, ತಾನೇ ಕಟ್ಟಿ ಬೆಳೆಸಿದ ಮನೆಯಿಂದ ಅಪವಾದ ಹೊತ್ತು ರಾಜೀವನು ಹೊರಟುಹೋಗುವುದೂ ಕಾದಿರುತ್ತವೆ. 1982ರ ‘ಹಾಲು ಜೇನು’ ಇನ್ನೂ ಮೋಸಕರವಾದುದು. ಅದರಲ್ಲಿ ವಿನೋದವು ಯಥೇಚ್ಛವಾಗಿದ್ದರೂ ಕಥೆಯ ಬುಡದಲ್ಲಿ ಹೆಂಡತಿಯ ಮಾರಕವ್ಯಾಧಿ ಇದೆ. ಇವೆರಡೂ ದೊಡ್ಡ ಚಿತ್ರಗಳು, ಅವುಗಳನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಆದರೆ ವೃದ್ಧ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿನ ನೆನಪಿನಿಂದ ಇವುಗಳಿಗೆ ಕೈಹಾಕಿದವನು ಹನ್ನೊಂದು ಗಂಟೆಗೆ ಭಾರವಾದ ಮನಸ್ಸಿನಿಂದ ಮಲಗಬೇಕಾಗುವುದು. ಹಾಡನ್ನು ಬಿಟ್ಟು ಕಡೆಯ ಅರ್ಧಗಂಟೆಯನ್ನು ಜ್ಞಾಪಿಸಿಕೊಳ್ಳಬೇಕು. ಜ್ಞಾಪಕಕ್ಕೆ ಬಾರದಿದ್ದರೆ ಆ ಚಿತ್ರವನ್ನು ಆ ರಾತ್ರಿಗೆ ತೆಗೆಯಲಾಗದು.

ಹೊಸ ಚಿತ್ರದ ಗತಿಯೇನು ಎಂದು ಕೇಳುವವರಿದ್ದಾರೆ. ಹೊಸದನ್ನು ನೋಡುವುದಕ್ಕೆ ಅದರದೇ ಆದ ದಿನವಿರಲಿ. ಅರಿಯದ ಪಾತ್ರಗಳ ಹೆಸರು, ಸಂಬಂಧ, ಊರು ಇವನ್ನು ಮೊದಲ ಇಪ್ಪತ್ತು ನಿಮಿಷಗಳಲ್ಲಿ ಮನಸ್ಸಿಗೆ ತುಂಬಿಕೊಳ್ಳುವುದು ಒಂದು ದುಡಿಮೆಯೇ. ಕಂಡ ಚಿತ್ರದಲ್ಲಿ ಅದು ಇಲ್ಲ. ನಡುವೆ ಎದ್ದು ಹಾಲಿಗೆ ಹೆಪ್ಪುಹಾಕಿ ಬಂದರೂ ಕಥೆ ಕೈತಪ್ಪುವುದಿಲ್ಲ. ಮುಗಿಯುವ ಮುನ್ನ ನಿದ್ರೆ ಬಂದರೆ ನಷ್ಟವೂ ಇಲ್ಲ, ಮದುವೆಯಂತೂ ಆಗಿಯೇ ಆಗುವುದು.

ಕುಣಿಗಲಿನ ಆ ಮನೆಯವರು ಈಗ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಪಂಚಾಂಗದ ಹಿಂಬದಿಯ ಖಾಲಿ ಹಾಳೆಯಲ್ಲಿ ಕಂಡು ಮೆಚ್ಚಿದ ಎಂಟು ಚಿತ್ರಗಳ ಹೆಸರುಗಳನ್ನು ಬರೆದಿದ್ದಾರೆ. ಒಂದೊಂದರ ಎದುರಿಗೂ ಅದು ಹೇಗೆ ಮುಗಿಯುವುದೆಂಬುದನ್ನು ಎರಡು ಮಾತುಗಳಲ್ಲಿ ಗುರುತಿಸಿದ್ದಾರೆ. ಆ ದಿನದ ಚಿತ್ರವನ್ನು ರಾತ್ರಿ ಆರಿಸುವುದಿಲ್ಲ. ಮನಸ್ಸು ಇನ್ನೂ ತಿಳಿಯಾಗಿರುವ ಬೆಳಗಿನ ಕಾಫಿಯ ಹೊತ್ತಿನಲ್ಲಿ, ಸರದಿಯಂತೆ ಒಬ್ಬರು ಹೇಳಿಬಿಡುತ್ತಾರೆ. ಉಳಿದಿಬ್ಬರು ಅದಕ್ಕೆ ಎದುರಾಡುವಂತಿಲ್ಲ. ಸಂಜೆಯಾಗುವಷ್ಟರಲ್ಲಿ ಆ ಮಾತು ಗುಬ್ಬಿ ಕಂಪೆನಿಯ ಸಾರಿಕೆಯಂತೆ ಆಗಲೇ ಹಳೆಯದಾಗಿರುತ್ತದೆ. ಹಾಕಿ ಹತ್ತು ನಿಮಿಷಗಳಾದರೂ ಯಾರೊಬ್ಬರ ಮುಖವೂ ಸಡಿಲವಾಗದಿದ್ದರೆ ಮತ್ತೊಂದನ್ನು ಹುಡುಕದೆ ನಿಲ್ಲಿಸಿ ಮಲಗುತ್ತಾರೆ. ಕಳೆದ ವಾರ ತಾಯಿಯ ಸರದಿ ಇತ್ತು. ಆಕೆ ಮೂರನೆಯ ಸಲವೂ ‘ಗಣೇಶನ ಮದುವೆ’ಯನ್ನೇ ಹೇಳಿದಳು. ಸೊಸೆಯು ಸ್ವಲ್ಪ ಹುಬ್ಬುಗಂಟಿಕ್ಕಿದಳಂತೆ, ಆದರೆ ಓಲೆಗಳ ಪ್ರಕರಣ ಬರುವಷ್ಟರಲ್ಲಿ ಅವರೆಕಾಯಿ ಸುಲಿಯುವ ಮೊರವನ್ನು ತಂದು ಅತ್ತೆಯ ಪಕ್ಕದಲ್ಲಿಯೇ ಕುಳಿತಿದ್ದಳು.