ಅರ್ಧ ಕೋನದ ಚೆಲುವು

ಮೊದಲ ವರ್ಷದ ಎಂಜಿನಿಯರಿಂಗ್ ಗಣಿತದ ಟ್ಯುಟೋರಿಯಲ್ ಶೀಟಿನಲ್ಲಿ ಸಂಕೀರ್ಣ ಸಂಖ್ಯೆಗಳ ಪುಟ ಸಾಮಾನ್ಯವಾಗಿ ಸರಳ ಲೆಕ್ಕಗಳಿಂದ ಶುರುವಾಗುತ್ತದೆ. 1 + i, √3 − i, −1 + i√3 ಇವನ್ನು ಧ್ರುವೀಯ ರೂಪದಲ್ಲಿ ಬರೆಯಿರಿ ಎನ್ನುವಂಥವು. ಕೈ ಪಳಗಲೆಂದು ಕೊಟ್ಟ ಲೆಕ್ಕಗಳವು, ಬೇಗ ಮುಗಿಯುತ್ತವೆ. ಅವುಗಳ ಬೆನ್ನಿಗೇ ಇನ್ನೊಂದು ಬರುತ್ತದೆ: 1 + cos θ + i sin θ ಇದರ ಮಾಡ್ಯುಲಸ್ ಮತ್ತು ಆರ್ಗ್ಯುಮೆಂಟ್ ಕಂಡುಹಿಡಿಯಿರಿ. ಎರಡು ಅಂಕದ ಪ್ರಶ್ನೆ, ನಾಲ್ಕು ಸಾಲಿನ ಉತ್ತರ. ಇಡೀ ಶೀಟಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಅವಸರವಿಲ್ಲದೆ ಇದರ ಜೊತೆ ಒಂದು ಸಂಜೆ ಕಳೆದರೆ ಧ್ರುವೀಯ ರೂಪದ ಸ್ವಭಾವವೇ ತಿಳಿಯುತ್ತದೆ.

ಆ ಸ್ವಭಾವ ಎಂಥದ್ದು? ಒಂದು ಸಂಕೀರ್ಣ ಸಂಖ್ಯೆಯನ್ನು x + iy ಎಂದು ಬರೆದಾಗ ಅದು ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಹೇಳುತ್ತದೆ. ಧ್ರುವೀಯ ರೂಪದಲ್ಲಿ ಬರೆದಾಗ ಮೂಲಬಿಂದುವಿನಿಂದ ಎಷ್ಟು ದೂರ, ಯಾವ ದಿಕ್ಕಿಗೆ ಎಂದು ಹೇಳುತ್ತದೆ. ಆ ದೂರವೇ ಮಾಡ್ಯುಲಸ್, ದಿಕ್ಕಿನ ಕೋನವೇ ಆರ್ಗ್ಯುಮೆಂಟ್. ಗುಣಾಕಾರಕ್ಕೆ ಧ್ರುವೀಯ ರೂಪದಷ್ಟು ಹಿತವಾದದ್ದು ಇನ್ನೊಂದಿಲ್ಲ: ಉದ್ದಗಳನ್ನು ಗುಣಿಸಬೇಕು, ಕೋನಗಳನ್ನು ಕೂಡಬೇಕು, ಅಷ್ಟೇ. ಕೂಡುವ ಮಾತು ಬಂತೋ, ಅದು ಮೌನವಾಗುತ್ತದೆ. ಎರಡು ಸಂಖ್ಯೆಗಳ ಉದ್ದ ಮತ್ತು ಕೋನ ಕೊಟ್ಟು ಮೊತ್ತದ ಉದ್ದ ಮತ್ತು ಕೋನ ಕೇಳಿದರೆ, ಎರಡನ್ನೂ x + iy ರೂಪಕ್ಕೆ ಇಳಿಸಿ, ಕೂಡಿ, ಮತ್ತೆ ಮೇಲೆತ್ತಬೇಕು. ನಮ್ಮ ಲೆಕ್ಕ ಕೇಳುತ್ತಿರುವುದು ಕೂಡುವುದನ್ನೇ. cos θ + i sin θ ಎಂಬುದು ಒಂದು ಮಾನ ಉದ್ದದ, θ ಕೋನದ ಸಂಖ್ಯೆ. 1 ಎಂಬುದೂ ಒಂದು ಮಾನ ಉದ್ದದ್ದೇ, ಅದರ ಕೋನ ಸೊನ್ನೆ. ಧ್ರುವೀಯ ರೂಪಕ್ಕೆ ಒಗ್ಗದ ಕೆಲಸವನ್ನು ಧ್ರುವೀಯ ರೂಪದಲ್ಲೇ ಮಾಡಿಸಿಕೊಳ್ಳುವ ಲೆಕ್ಕವಿದು.

ತರಗತಿಯಲ್ಲಿ ಹೇಳಿಕೊಡುವ ದಾರಿ ಅರ್ಧಕೋನದ ಸೂತ್ರಗಳದ್ದು. 1 + cos θ ಎಂದರೆ 2cos²(θ/2). sin θ ಎಂದರೆ 2sin(θ/2)cos(θ/2). ಎರಡರಲ್ಲೂ ಇರುವ 2cos(θ/2) ಅನ್ನು ಹೊರಗೆ ತೆಗೆದರೆ ಆವರಣದೊಳಗೆ ಉಳಿಯುವುದು cos(θ/2) + i sin(θ/2). ಅದು ತಾನಾಗಿಯೇ ಧ್ರುವೀಯ ರೂಪದಲ್ಲಿದೆ! ಮಾಡ್ಯುಲಸ್ 2cos(θ/2), ಆರ್ಗ್ಯುಮೆಂಟ್ θ/2. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ದಾರಿಯಲ್ಲಿ ಬಂದವರಿಗೆ ಕೋನ ಅರ್ಧವಾದದ್ದು ಕಾಣುತ್ತದೆ, ಯಾಕೆ ಅರ್ಧವಾಯಿತು ಎಂಬುದು ಕಾಣುವುದಿಲ್ಲ.

ಅದನ್ನು ಕಾಣಲು ಚಿತ್ರ ಬರೆಯಬೇಕು. ಹೀಗೆ ಚಿತ್ರ ಬರೆದು ಸಂಕೀರ್ಣ ಸಂಖ್ಯೆಗಳನ್ನು ನೋಡುವುದನ್ನು 1797ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟವನು ಕ್ಯಾಸ್ಪರ್ ವೆಸೆಲ್. ಅವನು ಭೂಮಾಪಕ. ದಿಕ್ಕುಳ್ಳ ಗೆರೆಗಳೊಂದಿಗೆ ದುಡಿದವನಿಗೆ ಕೂಡುವ ನಿಯಮ ಸಹಜವಾಗಿಯೇ ಒದಗಿತ್ತು: ಮೊದಲ ಗೆರೆ ಮುಗಿದ ತುದಿಯಿಂದ ಎರಡನೆಯದನ್ನು ಹೊರಡಿಸಿ, ಎಲ್ಲಿಗೆ ಬಂದು ನಿಂತೆವೋ ಅದೇ ಮೊತ್ತ. ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ. ಮೂಲಬಿಂದುವಿನಿಂದ ಬಲಕ್ಕೆ ಒಂದು ಮಾನ ನಡೆದು, ಅಲ್ಲಿಂದ θ ದಿಕ್ಕಿಗೆ ಇನ್ನೊಂದು ಮಾನ ನಡೆಯಬೇಕು. ಎರಡೂ ಗೆರೆಗಳನ್ನು ಮೂಲಬಿಂದುವಿನಿಂದಲೇ ಎಳೆದು ಸಮಾಂತರ ಚತುರ್ಭುಜ ಪೂರ್ತಿ ಮಾಡಿದರೆ, ನಾಲ್ಕೂ ಬಾಹುಗಳು ಸಮ ಇರುವುದರಿಂದ ಅದು ವಜ್ರಾಕೃತಿ. ಮೊತ್ತ ಅದರ ಕರ್ಣ. ವಜ್ರಾಕೃತಿಯ ಕರ್ಣ ತಾನು ಹೊರಟ ಮೂಲೆಯ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುತ್ತದೆ. θ/2 ಬಂದದ್ದು ಅಲ್ಲಿಂದ. ಎರಡು ಕರ್ಣಗಳು ಲಂಬವಾಗಿ ಅರ್ಧಿಸಿಕೊಳ್ಳುವುದರಿಂದ ನಮ್ಮ ಕರ್ಣದ ಅರ್ಧ ಉದ್ದ cos(θ/2), ಪೂರ್ತಿ ಉದ್ದ 2cos(θ/2). ಸೂತ್ರದ ಎರಡೂ ಭಾಗಗಳನ್ನು ಒಂದೇ ಚಿತ್ರದಲ್ಲಿ ಬೆರಳಿಟ್ಟು ತೋರಿಸಬಹುದು.

ಉದ್ದಗಳು ಸಮವಾಗಿರುವುದೇ ಇಲ್ಲಿಯ ಜೀವಾಳ. ಎರಡನೆಯ ಸಂಖ್ಯೆಯ ಉದ್ದವನ್ನು 2 ಮಾಡಿ, ಕೋನ 60° ಇರಲಿ. ಆಗ ಮೊತ್ತ 2 + i√3. ಅದರ ಉದ್ದ √7, ಕೋನ ಸುಮಾರು 40.9°. 60ರ ಅರ್ಧವಾದ 30 ಅಲ್ಲ. ಕರ್ಣ ಉದ್ದದ ಬಾಹುವಿನ ಕಡೆ ವಾಲಿಬಿಟ್ಟಿದೆ. ಉದ್ದ ಸಮವಾದಾಗ ಮಾತ್ರ ಅದು ಯಾರ ಕಡೆಗೂ ವಾಲದೆ ನಟ್ಟನಡುವೆ ನಿಲ್ಲುತ್ತದೆ.

θ ಬದಲಾದಂತೆ ನಮ್ಮ ಮೊತ್ತದ ಬಿಂದು ಎಲ್ಲೆಲ್ಲಿ ಓಡಾಡುತ್ತದೆ? 1 ಎಂಬ ಬಿಂದುವಿನಿಂದ ಸದಾ ಒಂದು ಮಾನ ದೂರದಲ್ಲಿ. ಎಂದರೆ ಅದು 1ನ್ನು ಕೇಂದ್ರವಾಗಿ ಉಳ್ಳ ವೃತ್ತದ ಮೇಲೆ ಸುತ್ತುತ್ತದೆ. ಆ ವೃತ್ತ ಮೂಲಬಿಂದುವಿನ ಮೂಲಕವೇ ಹಾದುಹೋಗುತ್ತದೆ. ಕೇಂದ್ರದಲ್ಲಿ ನಿಂತು ನೋಡಿದವನಿಗೆ ಬಿಂದು θ ಕೋನ ತಿರುಗಿದೆ. ಮೂಲಬಿಂದುವಿನಲ್ಲಿ, ಎಂದರೆ ಪರಿಧಿಯ ಮೇಲೆ, ನಿಂತವನಿಗೆ θ/2 ಮಾತ್ರ. ವೃತ್ತದ ಕಂಸವೊಂದು ಕೇಂದ್ರದಲ್ಲಿ ಉಂಟುಮಾಡುವ ಕೋನ ಪರಿಧಿಯಲ್ಲಿ ಉಂಟುಮಾಡುವ ಕೋನದ ಎರಡರಷ್ಟು ಎಂದು ಹೈಸ್ಕೂಲಿನ ರೇಖಾಗಣಿತದಲ್ಲಿ ಸಾಧಿಸಿದ ಪ್ರಮೇಯವೇ ಇಲ್ಲಿ ಬೇರೆ ವೇಷದಲ್ಲಿ ಬಂದು ನಿಂತಿದೆ.

ಈ ವೃತ್ತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉತ್ತರದಲ್ಲಿ ಅಡಗಿರುವ ಒಂದು ಮುಳ್ಳೂ ಕಾಣುತ್ತದೆ. θ = 240° ಹಾಕಿ ನೋಡಿ. ಸೂತ್ರದ ಪ್ರಕಾರ ಮಾಡ್ಯುಲಸ್ 2cos 120°, ಎಂದರೆ −1. ಉದ್ದ ಋಣಸಂಖ್ಯೆಯಾಗುವುದುಂಟೆ? ನೇರವಾಗಿ ಲೆಕ್ಕ ಹಾಕಿದರೆ ಮೊತ್ತ 1/2 − i√3/2. ಅದರ ಉದ್ದ 1, ಕೋನ −60°. ಸೂತ್ರ ಕೊಟ್ಟ ಕೋನ 120°. ಎರಡಕ್ಕೂ ಸರಿಯಾಗಿ 180° ವ್ಯತ್ಯಾಸ. −1ರಿಂದ ಗುಣಿಸುವುದೆಂದರೆ ಅರ್ಧ ಸುತ್ತು ತಿರುಗುವುದೇ ಆದ್ದರಿಂದ ಬೀಜಗಣಿತ ತಪ್ಪಾಗಿಲ್ಲ. ತಪ್ಪಾದದ್ದು ನಾವು ಆ −1ಕ್ಕೆ ಮಾಡ್ಯುಲಸ್ ಎಂಬ ಹೆಸರಿಟ್ಟದ್ದು.

ಇಂಥ ತಪ್ಪನ್ನು ಹಿಡಿಯಲು ಕ್ಯಾಲ್ಕುಲೇಟರ್ ಬೇಡ. 1 + cos θ ಎಂದೂ ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ವೃತ್ತ ಪೂರ್ತಿಯಾಗಿ ಲಂಬ ಅಕ್ಷದ ಬಲಕ್ಕಿದೆ. ಹಾಗಾಗಿ ಆರ್ಗ್ಯುಮೆಂಟ್ −90° ಮತ್ತು 90°ಯ ನಡುವೆಯೇ ಇರಬೇಕು. 120° ಎಂದು ಬಂದೊಡನೆ ಎಲ್ಲೋ ಎಡವಿದ್ದೇವೆ ಎಂದು ಗೊತ್ತಾಗುತ್ತದೆ. ಎಡವಿದ ಜಾಗವನ್ನೂ ವೃತ್ತವೇ ತೋರಿಸುತ್ತದೆ. θ 180° ತಲುಪಿದಾಗ ಬಿಂದು ಮೂಲಬಿಂದುವಿನ ಮೇಲೆಯೇ ಬಂದು ನಿಲ್ಲುತ್ತದೆ. ಆಗ ಅದಕ್ಕೆ ಉದ್ದವಿಲ್ಲ, ಉದ್ದವಿಲ್ಲದ್ದಕ್ಕೆ ದಿಕ್ಕೂ ಇಲ್ಲ. ಆ ಕ್ಷಣಕ್ಕೆ ಮುನ್ನ ನೋಟ ನೇರ ಮೇಲಕ್ಕಿತ್ತು, ದಾಟಿದ ಮರುಕ್ಷಣ ನೇರ ಕೆಳಕ್ಕಿದೆ. ಕೋನ ನಿಧಾನವಾಗಿ ಬದಲಾಗದೆ ಒಮ್ಮೆಲೇ ಅರ್ಧ ಸುತ್ತು ನೆಗೆಯಿತು. ಕೊಸೈನ್ ಚಿಹ್ನೆ ಬದಲಿಸಿದ್ದು ಆ ನೆಗೆತದ ಗುರುತು. −180° ಮತ್ತು 180°ಯ ನಡುವಿನ θಗೆ ಮಾತ್ರ ಶೀಟಿನ ಉತ್ತರ ಹಾಗೆಯೇ ನಿಲ್ಲುತ್ತದೆ. ಅದರಾಚೆಗೆ ಉದ್ದ 2|cos(θ/2)|, ಕೋನಕ್ಕೆ ಅರ್ಧ ಸುತ್ತಿನ ತಿದ್ದುಪಡಿ.

ಅದೇ ವರ್ಷ ಎಲೆಕ್ಟ್ರಿಕಲ್ ವಿಷಯದ ತರಗತಿಯಲ್ಲಿ ಇದೇ ವಜ್ರಾಕೃತಿ ಮತ್ತೆ ಎದುರಾಗುತ್ತದೆ. ಥ್ರೀ ಫೇಸ್ ಕರೆಂಟಿನ ಮೂರು ಫೇಸ್‌ಗಳ ವೋಲ್ಟೇಜು ಸಮಾನ, ಒಂದಕ್ಕೊಂದು 120° ಅಂತರ. ಮನೆಗೆ ಬರುವುದು ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವಿನ 230 ವೋಲ್ಟ್. ತೋಟದ ಪಂಪ್‌ಸೆಟ್ಟಿನ ಮೋಟಾರಿಗೆ ಎರಡು ಫೇಸುಗಳ ನಡುವಿನ ವೋಲ್ಟೇಜು ಬೇಕು. ಮೊದಲ ಫೇಸನ್ನು 0° ಯಲ್ಲಿಟ್ಟರೆ ಎರಡನೆಯದು −120°. ಮೊದಲನೆಯದರಿಂದ ಅದನ್ನು ಕಳೆಯುವುದೆಂದರೆ ಅದನ್ನು ಅರ್ಧ ಸುತ್ತು ತಿರುಗಿಸಿ ಕೂಡುವುದು, ಅಲ್ಲಿಗೆ ಅದು 60°ಗೆ ಬಂತು. ಹಾಗಾದರೆ ನಮಗೆ ಬೇಕಾದದ್ದು θ = 60° ಇರುವ 1 + cos θ + i sin θ, 230 ಪಟ್ಟು. ಉದ್ದ 2cos 30°, ಎಂದರೆ √3. ಕೋನ 30°. 230ನ್ನು 1.732ರಿಂದ ಗುಣಿಸಿದರೆ 398, ಅದನ್ನೇ ದುಂಡಗೆ ಮಾಡಿ 400 ವೋಲ್ಟ್ ಎನ್ನುತ್ತಾರೆ. ಲೈನ್ ವೋಲ್ಟೇಜು ಫೇಸ್ ವೋಲ್ಟೇಜಿನ √3 ಪಟ್ಟು, ಅದಕ್ಕಿಂತ 30° ಮುಂದು ಎಂದು ಬಾಯಿಪಾಠ ಮಾಡುವ ವಾಕ್ಯ ಈ ಎರಡು ಅಂಕದ ಪ್ರಶ್ನೆಯ ಒಂದು ಉದಾಹರಣೆಯಷ್ಟೆ.

ಆ ಮುಳ್ಳಿನ ಗತಿಯೇನು? ಅದನ್ನು ಕಿವಿಯಿಂದಲೇ ಕೇಳಬಹುದು. ತಂಬೂರಿಯ ನಡುವಿನ ಎರಡು ತಂತಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸಬೇಕು. ಒಂದು ಸೆಕೆಂಡಿಗೆ 200 ಕಂಪನದಲ್ಲಿ, ಇನ್ನೊಂದು 202ರಲ್ಲಿ ನಿಂತಿದೆ ಎನ್ನೋಣ. ಎರಡೂ ಸಮಾನ ಜೋರಿನಲ್ಲಿ ನುಡಿಯುತ್ತಿವೆ, ಮೂಲಸ್ವರವನ್ನಷ್ಟೇ ಗಮನಿಸುತ್ತಿದ್ದೇವೆ. ಮತ್ತೆ ಸಮಾನ ಉದ್ದದ ಎರಡು ಸಂಖ್ಯೆಗಳು, ಅವುಗಳ ನಡುವಿನ ಕೋನ θ ಮಾತ್ರ ಈಗ ಸೆಕೆಂಡಿಗೆ ಎರಡು ಸುತ್ತಿನಂತೆ ಬೆಳೆಯುತ್ತಿದೆ. ಕರ್ಣ ನಟ್ಟನಡುವೆ ಇರುವುದರಿಂದ ಕೇಳುವ ಸ್ವರ 201. ಕರ್ಣದ ಉದ್ದ ಹಿಗ್ಗಿ ಕುಗ್ಗಿದಂತೆ ನಾದ ಏರಿ ಇಳಿಯುತ್ತದೆ. ಅದು ಸೆಕೆಂಡಿಗೆ ಎಷ್ಟು ಸಲ? ಉದ್ದವನ್ನು 2cos(θ/2) ಎಂದೇ ಬಗೆದವನು θ/2 ಸೆಕೆಂಡಿಗೆ ಒಂದು ಸುತ್ತು ತಿರುಗುವುದರಿಂದ ಒಂದು ಸಲ ಎನ್ನುತ್ತಾನೆ. ಕಿವಿಗೆ ಕೇಳುವುದು ಎರಡು. ಕೊಸೈನ್ ತನ್ನ ಒಂದು ಸುತ್ತಿನಲ್ಲಿ +1ರಲ್ಲಿ ಒಮ್ಮೆ, −1ರಲ್ಲಿ ಒಮ್ಮೆ ತುದಿ ಮುಟ್ಟುತ್ತದೆ. ಕಿವಿಗೆ ಅವೆರಡೂ ಒಂದೇ ಜೋರು, ಅದು ಅಳೆಯುವುದು ಉದ್ದವನ್ನು. ನಡುವೆ ನಾದ ಅಡಗಿದ ಎರಡು ಕ್ಷಣಗಳೇ ಬಿಂದು ಮೂಲಬಿಂದುವನ್ನು ದಾಟಿದ ಕ್ಷಣಗಳು. ತಂಬೂರಿ ಕೂಡಿಸುವವರು ಬಿರಡೆ ತಿರುಗಿಸುತ್ತ ಆ ಏರಿಳಿತ ಸೆಕೆಂಡಿಗೆ ಎರಡರಿಂದ ಒಂದಕ್ಕೆ, ಒಂದರಿಂದ ಇಲ್ಲವೆನ್ನುವಷ್ಟಕ್ಕೆ ಇಳಿಯುವವರೆಗೂ ಕಿವಿಗೊಡುತ್ತಾರೆ.

ಹಾಗಾಗಿ ಶೀಟಿನ ಉತ್ತರದ ಅಂಕಣದಲ್ಲಿ 2cos(θ/2) ಎಂದು ಬರೆದು ಬಿಡುವುದು ನನಗೆ ಒಪ್ಪಿಗೆಯಿಲ್ಲ. θದ ಎಲ್ಲೆಯನ್ನು ಪಕ್ಕದಲ್ಲಿ ಬರೆಯಬೇಕು, ಇಲ್ಲವೇ ಕೊಸೈನಿನ ಅಕ್ಕಪಕ್ಕ ಎರಡು ಲಂಬ ಗೆರೆ ಎಳೆಯಬೇಕು. ಸೆಕೆಂಡಿಗೆ ಒಂದು ಏರಿಳಿತವೋ ಎರಡೋ ಎಂಬುದು ಆ ಎರಡು ಗೆರೆಗಳ ಮೇಲೆ ನಿಂತಿದೆ.