ಗಾಥಮ್ ಕೂತ ಜಾಗದಲ್ಲಿ

2018ರಲ್ಲಿ ನೆಟ್‌ಫ್ಲಿಕ್ಸ್ ತನ್ನದೇ ಒಂದು ಫಾಂಟ್ ಮಾಡಿಸಿಕೊಂಡಿತು. ಅದುವರೆಗೆ ಅದರ ಜಾಹೀರಾತುಗಳಲ್ಲಿ ಕಾಣುತ್ತಿದ್ದದ್ದು ಗಾಥಮ್. ಪರವಾನಗಿ ಶುಲ್ಕದಲ್ಲೇ ವರ್ಷಕ್ಕೆ ದಶಲಕ್ಷಗಟ್ಟಲೆ ಡಾಲರ್ ಉಳಿಯುತ್ತದೆ ಎಂದು ಕಂಪನಿಯ ವಿನ್ಯಾಸಕಾರರು ಆಗ ಹೇಳಿದ್ದರು. ಇಂಥ ಫಾಂಟುಗಳಿಗೆ ಕಂಪ್ಯೂಟರಿನಲ್ಲಿ ಬಳಸಲು ಒಂದು ಪರವಾನಗಿ, ಜಾಲತಾಣಕ್ಕೆ ಇನ್ನೊಂದು, ಆ್ಯಪ್‌ಗೆ ಮತ್ತೊಂದು. ಬಳಸುವವರ ಸಂಖ್ಯೆ ಏರಿದಂತೆ ಬೆಲೆಯೂ ಏರುತ್ತದೆ.

ಹೊಸ ಫಾಂಟ್ ಮಾಡಿಸುವ ಶಕ್ತಿ ದೊಡ್ಡವರಿಗೆ ಇದೆ. ನಮ್ಮೂರಿನ ಒಂದು ಕಾಫಿಪುಡಿ ಅಂಗಡಿಯ ಕಥೆ ಬೇರೆ. ಯಾವುದೋ ಏಜೆನ್ಸಿ ಹಿಂದೆ ಮಾಡಿಕೊಟ್ಟ ಲೋಗೊ, ಲೆಟರ್‌ಹೆಡ್, ಬೆಲೆಪಟ್ಟಿ, ಪೊಟ್ಟಣ ಎಲ್ಲವೂ ಗಾಥಮ್‌ನಲ್ಲಿವೆ. ಈಗ ಹೊಸ ಬೆಲೆಪಟ್ಟಿ ಬೇಕು. ಅಂಗಡಿಯವರ ಕೈಯಲ್ಲಿರುವುದು ಹಳೆಯ ಪಿಡಿಎಫ್ ಮಾತ್ರ. ಅದಕ್ಕೆ ಹೊಂದುವ ಉಚಿತ ಫಾಂಟ್ ಯಾವುದು ಎಂಬ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಹೆಚ್ಚಿನವರು ಒಂದೇ ಮಾತಿನಲ್ಲಿ ಮಾಂಟ್ಸೆರಾಟ್ ಎಂದು ಉತ್ತರಿಸಿಬಿಡುತ್ತಾರೆ. ಆ ಉತ್ತರ ಅರ್ಧ ಮಾತ್ರ ಸರಿ.

ಮೊದಲು, ಹಳೆಯ ಕಡತದಲ್ಲಿ ನಿಜಕ್ಕೂ ಏನಿದೆ ಎಂದು ನೋಡಬೇಕು. ಪಿಡಿಎಫ್ ತೆರೆಯುವ ಅಡೋಬಿ ರೀಡರ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ಒಳಗೆ ಫಾಂಟ್ಸ್ ಎಂಬ ಪುಟವಿದೆ. ಲಿನಕ್ಸ್ ಬಳಸುವವರಿಗೆ ಒಂದು ಸಾಲು ಸಾಕು:

```
pdffonts belepatti.pdf
```

ಹೆಸರುಗಳ ಪಟ್ಟಿಯಲ್ಲಿ `ABCDEF+Gotham-Book` ಎಂಬಂಥದ್ದು ಕಂಡರೆ, ಮೊದಲ ಆರು ಅಕ್ಷರಗಳಿಗೆ ಅರ್ಥವೇನೂ ಇಲ್ಲ. ಫಾಂಟಿನ ಬಳಕೆಯಾದ ಅಕ್ಷರಗಳನ್ನಷ್ಟೇ ಪಿಡಿಎಫ್ ಒಳಗೆ ಸೇರಿಸಿದ್ದಾರೆ ಎಂಬುದಕ್ಕೆ ಅದು ಗುರುತು. ನಮಗೆ ಬೇಕಾದದ್ದು ಕೊನೆಯ ಭಾಗ: ಬುಕ್, ಮೀಡಿಯಮ್, ಬೋಲ್ಡ್, ಇವುಗಳಲ್ಲಿ ಯಾವ ಯಾವ ದಪ್ಪ ಬಳಕೆಯಾಗಿದೆ ಎಂಬುದು. ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ, ಅಷ್ಟಕ್ಕೆ ಮಾತ್ರ ಜೋಡಿ ಹುಡುಕಿದರೆ ಸಾಕು. ಪಟ್ಟಿಯಲ್ಲಿ ಲೋಗೊದ ಫಾಂಟ್ ಕಾಣದಿದ್ದರೆ ಗಾಬರಿ ಬೇಡ. ಡಿಟಿಪಿಯವರು ಅದನ್ನು ‘ಕರ್ವ್’ ಮಾಡಿ ಚಿತ್ರವಾಗಿಸಿದ್ದಾರೆ ಎಂದರ್ಥ. ಹಾಗಿದ್ದರೆ ಲೋಗೊಗೆ ಯಾವ ಫಾಂಟೂ ಬೇಕಿಲ್ಲ. ಅದನ್ನು ಇದ್ದ ಹಾಗೇ ಎತ್ತಿಕೊಂಡು ಇಡಿ, ಉಚಿತ ಫಾಂಟಿನಲ್ಲಿ ಮತ್ತೆ ಬರೆಯುವ ಕೆಲಸಕ್ಕೆ ಯಾವತ್ತೂ ಇಳಿಯಬೇಡಿ. ಜನ ಗುರುತಿಟ್ಟುಕೊಂಡಿರುವುದು ಆ ಆಕಾರವನ್ನೇ.

ಇನ್ನು ಗಾಥಮ್‌ನ ಹುಟ್ಟು. ಅದು ಗೊತ್ತಿದ್ದರೆ ಹುಡುಕಾಟ ಸುಲಭವಾಗುತ್ತದೆ. 2000ದಲ್ಲಿ ಜಿಕ್ಯೂ ಎಂಬ ಅಮೆರಿಕದ ಪುರುಷರ ಪತ್ರಿಕೆಗಾಗಿ ಟೋಬಿಯಾಸ್ ಫ್ರೇರ್-ಜೋನ್ಸ್ ಇದನ್ನು ರೂಪಿಸಿದರು. ನ್ಯೂಯಾರ್ಕಿನ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದ ಮೇಲಿನ ಫಲಕ ಮತ್ತು ಅಲ್ಲಿನ ಹಳೆಯ ಕಟ್ಟಡಗಳ ಬರಹಗಳೇ ಅದಕ್ಕೆ ಮೂಲ. ಆ ಬರಹಗಳನ್ನು ಮಾಡಿದವರು ಎಂಜಿನಿಯರುಗಳು, ಫಲಕ ಬರೆಯುವವರು, ಲೋಹ ಕತ್ತರಿಸುವವರು. ಹಾಗಾಗಿ ಗಾಥಮ್ ನೋಡಲು ಜ್ಯಾಮಿತಿಯಂತಿದ್ದರೂ ಬರೀ ಕೈವಾರದಿಂದ ಎಳೆದದ್ದಲ್ಲ. ವೃತ್ತ ಎಲ್ಲಿ ಕಣ್ಣಿಗೆ ಭಾರ ಎನಿಸುತ್ತದೋ ಅಲ್ಲಿ ಅದನ್ನು ಸ್ವಲ್ಪ ಬಗ್ಗಿಸಿದ್ದಾರೆ. 2008ರಲ್ಲಿ ಒಬಾಮಾ ಚುನಾವಣಾ ಪ್ರಚಾರದ ಫಲಕಗಳಲ್ಲಿ ಬಂದ ಮೇಲೆ ಜಗತ್ತಿಗೆಲ್ಲ ಅದರ ಪರಿಚಯವಾಯಿತು.

ಮಾಂಟ್ಸೆರಾಟ್ ಹುಟ್ಟಿದ್ದು ಬ್ಯೂನಸ್ ಐರಿಸ್‌ನಲ್ಲಿ. ಮಾಂಟ್ಸೆರಾಟ್ ಎಂಬುದು ಆ ನಗರದ ಒಂದು ಹಳೆಯ ಬಡಾವಣೆ. ಅಲ್ಲಿನ ಪೋಸ್ಟರುಗಳು, ಅಂಗಡಿ ಫಲಕಗಳು ಒಂದೊಂದಾಗಿ ಮಾಯವಾಗುವುದನ್ನು ಕಂಡ ಹುಲಿಯೇಟಾ ಉಲನೋವ್ಸ್ಕಿ ಆ ಅಕ್ಷರಗಳನ್ನು ಉಳಿಸಲು ಹೊರಟರು. ಗಾಥಮ್‌ಗೂ ಇದಕ್ಕೂ ಮುಖ ಹೋಲುವುದು ಹೀಗಾಗಿ. ಒಂದನ್ನು ನೋಡಿ ಇನ್ನೊಂದನ್ನು ನಕಲು ಮಾಡಿದ್ದಲ್ಲ. ಇಪ್ಪತ್ತನೇ ಶತಮಾನದ ಬೀದಿಬರಹಗಳಿಂದ ಎರಡೂ ಬಂದಿವೆ. ಆದರೆ ಮಾಂಟ್ಸೆರಾಟ್‌ನಲ್ಲಿ ಫಲಕದ ಗುಣ ಹೆಚ್ಚು ಉಳಿದಿದೆ. ಅಕ್ಷರಗಳು ಅಗಲ. ದೊಡ್ಡ ಜೆ ಮೇಲೆ ಎಡಕ್ಕೆ ಚಾಚಿದ ಸಣ್ಣ ಅಡ್ಡಗೆರೆ ಇದೆ, ಗಾಥಮ್‌ನಲ್ಲಿ ಇಲ್ಲ. ದೊಡ್ಡ ಕ್ಯೂನ ಬಾಲ ಬಳುಕಿ ಸಾಲಿನ ಕೆಳಗಿಳಿಯುತ್ತದೆ. ಗಾಥಮ್‌ನಲ್ಲಿ ಅದು ಚಿಕ್ಕ ನೇರ ಗೆರೆ.

ಜೆ, ಕ್ಯೂಗಳ ಈ ವ್ಯತ್ಯಾಸವನ್ನು ಹಿಡಿದುಕೊಂಡು ವಾದಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ನನಗೆ ಅದು ಎರಡನೆಯ ಮಾತು. ಓದುವವರು ಒಂದು ಅಕ್ಷರವನ್ನು ಎತ್ತಿ ನೋಡುವುದಿಲ್ಲ. ಪುಟದ ಒಟ್ಟು ಬಣ್ಣ, ಅಂದರೆ ಮಸಿಯ ಸಾಂದ್ರತೆ, ಮತ್ತು ಸಾಲಿನ ಉದ್ದ ಇವೇ ಅವರ ಕಣ್ಣಿಗೆ ಪರಿಚಿತ. ಎಲ್ಲ ಅಕ್ಷರಗಳೂ ಹೋಲಿದರೂ ಅಗಲ ಹೋಲದಿದ್ದರೆ ಬೆಲೆಪಟ್ಟಿ ಬೇರೆ ಅಂಗಡಿಯದ್ದು ಎನಿಸುತ್ತದೆ. ಅಂಗಡಿಯ ಹೆಸರೇ ಜೆಯಿಂದ ಶುರುವಾಗಿ ಪುಟಪುಟದಲ್ಲೂ ಬರುವುದಾದರೆ ಮಾತ್ರ ಆ ಅಕ್ಷರವನ್ನು ಮೊದಲು ನೋಡಿ.

ಆದ್ದರಿಂದ ಅಳತೆ ಮಾಡಿ. ಹಳೆಯ ಪಿಡಿಎಫ್‌ನಿಂದ ಒಂದು ತುಂಬಿದ ಸಾಲನ್ನು ಆರಿಸಿಕೊಳ್ಳಿ, ಸಣ್ಣಕ್ಷರಗಳೇ ಹೆಚ್ಚಿರುವಂಥದ್ದು. ಅದೇ ಮಾತುಗಳನ್ನು ಹೊಸ ಫಾಂಟಿನಲ್ಲಿ ಅದೇ ಗಾತ್ರದಲ್ಲಿ ಕೂರಿಸಿ. ಹಳೆಯ ಸಾಲು 9 ಪಾಯಿಂಟಿನಲ್ಲಿ 86 ಮಿ.ಮೀ. ಇದ್ದು, ಹೊಸದು 90 ಬಂತು ಎಂದುಕೊಳ್ಳಿ. 86ನ್ನು 90ರಿಂದ ಭಾಗಿಸಿದರೆ ಸುಮಾರು 0.956. ಅಂದರೆ ಹೊಸ ಫಾಂಟನ್ನು 9ರ ಬದಲು 8.6 ಪಾಯಿಂಟಿಗೆ ಇಳಿಸಿದರೆ ಸಾಲಿನ ಉದ್ದ ಸರಿಹೋಗುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಗಾತ್ರ ಇಳಿಸಿದಾಗ ಅಕ್ಷರಗಳ ಎತ್ತರವೂ ಇಳಿಯುತ್ತದೆ. ಎರಡೂ ಸಾಲುಗಳನ್ನು ಒಂದರ ಮೇಲೊಂದಿಟ್ಟು, ಹಿಗ್ಗಿಸಿ, ಸಣ್ಣ ಎಕ್ಸ್ ಅಕ್ಷರದ ಎತ್ತರ ನೋಡಿ. ಅದು ಹಳೆಯದಕ್ಕಿಂತ ಕಣ್ಣಿಗೆ ಕಾಣುವಷ್ಟು ಕುಗ್ಗಿದ್ದರೆ ಗಾತ್ರವನ್ನು ಅರ್ಧದಷ್ಟು ಮಾತ್ರ ಇಳಿಸಿ, 8.8ಕ್ಕೆ ನಿಲ್ಲಿಸಿ. ಉಳಿದದ್ದನ್ನು ಅಕ್ಷರಗಳ ನಡುವಿನ ಜಾಗ ಒಂದಿಷ್ಟು ಬಿಗಿ ಮಾಡಿ ಸರಿದೂಗಿಸಿ. ಇನ್‌ಡಿಸೈನ್‌ನ ಟ್ರ್ಯಾಕಿಂಗ್‌ನಲ್ಲಿ ಮೈನಸ್ 10ರ ಆಚೆ ಹೋಗಬೇಡಿ. ಹೋದರೆ ಆರ್ ಮತ್ತು ಎನ್ ಕೂಡಿ ಎಮ್ ಆಗಿ ಕಾಣತೊಡಗುತ್ತವೆ. ಅಷ್ಟಾದರೂ ಸಾಲು ಉದ್ದವೇ ಇದ್ದರೆ ಆ ಫಾಂಟ್ ಈ ಕೆಲಸಕ್ಕಲ್ಲ. ಅಕ್ಷರವನ್ನು ಅಡ್ಡಡ್ಡ ಹಿಸುಕಿ ಸಾಲನ್ನು ಹೊಂದಿಸುವುದು ಮಾತ್ರ ಬೇಡವೇ ಬೇಡ. ನಿಂತ ಗೆರೆಗಳು ತೆಳ್ಳಗಾಗಿ ಅಡ್ಡಗೆರೆಗಳು ಹಾಗೇ ಉಳಿಯುವುದರಿಂದ ಅದು ದೂರದಿಂದಲೇ ಗೊತ್ತಾಗುತ್ತದೆ.

ಈ ಪರೀಕ್ಷೆಯಲ್ಲಿ ಗೆಲ್ಲುವುದು ಬಹುತೇಕ ಮೆಟ್ರೊಪೊಲಿಸ್. ಕ್ರಿಸ್ ಸಿಂಪ್ಸನ್ ಮಾಡಿ ಉಚಿತವಾಗಿ ಕೊಟ್ಟ ಈ ಫಾಂಟಿನ ಅಗಲ ಗಾಥಮ್‌ಗೆ ತುಂಬ ಹತ್ತಿರ. ಹಳೆಯ ಪುಟದ ಸಾಲು ಮುರಿಯುವ ಜಾಗಗಳೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಮುದ್ರಿಸಿದ ಇಂಗ್ಲಿಷ್ ಬರಹಕ್ಕೆ ನನ್ನ ಮೊದಲ ಆಯ್ಕೆ ಅದೇ.

ನಮ್ಮ ದೇಶದ್ದೇ ಆದ ಪಾಪಿನ್ಸ್ ಹೆಸರನ್ನೂ ಹಲವರು ಹೇಳುತ್ತಾರೆ. ಇಂಡಿಯನ್ ಟೈಪ್ ಫೌಂಡ್ರಿಯ ಅಚ್ಚುಕಟ್ಟಾದ ಕೆಲಸ ಅದು, ದೇವನಾಗರಿಯೂ ಇದೆ, ನನಗೆ ಇಷ್ಟದ ಫಾಂಟ್. ಆದರೆ ಅದರ ವೃತ್ತಗಳು ಶುದ್ಧ ಜ್ಯಾಮಿತಿಗೆ ಇನ್ನೂ ಹತ್ತಿರ, ಅದರ ವಂಶವೇ ಬೇರೆ. ಇನ್ನೊಂದು ತೊಡಕೂ ಇದೆ. ಪಾಪಿನ್ಸ್‌ನ ಒಳಗೆ ಬರೆದಿಟ್ಟಿರುವ ಸಾಲಿನ ಎತ್ತರ ಗಾತ್ರದ ಸುಮಾರು ಒಂದೂವರೆ ಪಟ್ಟು. ವರ್ಡ್‌ನಲ್ಲಿ ಸಿಂಗಲ್ ಸ್ಪೇಸಿಂಗ್ ಇಟ್ಟರೂ 10 ಪಾಯಿಂಟಿನ ಪತ್ರ 15 ಪಾಯಿಂಟಿನ ಸಾಲಂತರದಲ್ಲಿ ಹರಡಿಕೊಳ್ಳುತ್ತದೆ, ಒಂದು ಪುಟದ ಪತ್ರ ಎರಡನೇ ಪುಟಕ್ಕೆ ಇಣುಕುತ್ತದೆ. ಮಾಂಟ್ಸೆರಾಟ್‌ನಲ್ಲಿ ಇದೇ ಎತ್ತರ 1.2ರ ಆಸುಪಾಸು. ಯಾವ ಫಾಂಟೇ ಆಗಲಿ, ಲೆಟರ್‌ಹೆಡ್‌ಗೆ ಸಾಲಂತರವನ್ನು ‘ಎಕ್ಸಾಕ್ಟ್ಲಿ’ ಆರಿಸಿ ಅಂಕಿಯಲ್ಲೇ ಕೊಟ್ಟುಬಿಡುವುದು ಒಳ್ಳೆಯದು.

ಬೆಲೆಪಟ್ಟಿಗೆ ಬಂದರೆ ಇನ್ನೆರಡು ಪರೀಕ್ಷೆಗಳು. ಮೊದಲನೆಯದು ರೂಪಾಯಿ ಚಿಹ್ನೆ. ₹ ನಮಗೆ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು ತಯಾರಾದ ಫಾಂಟ್ ಕಡತಗಳಲ್ಲಿ ಅದು ಇರಲು ಸಾಧ್ಯವಿಲ್ಲ. ಫಾಂಟಿನಲ್ಲಿ ಇಲ್ಲದಿದ್ದರೆ ವರ್ಡ್ ಮತ್ತು ಬ್ರೌಸರ್ ಸದ್ದಿಲ್ಲದೆ ಬೇರೊಂದು ಫಾಂಟಿನಿಂದ ಎರವಲು ತರುತ್ತವೆ. ಬೆಲೆಯ ಅಂಕಿಗಿಂತ ಚಿಹ್ನೆ ತೆಳ್ಳಗೋ ಕುಳ್ಳಗೋ ಕಂಡರೆ ಕಾರಣ ಅದೇ. ಮಾಂಟ್ಸೆರಾಟ್‌ನಲ್ಲಿ ₹ ಇದೆ. ಬೇರೆ ಯಾವುದನ್ನು ಆರಿಸಿದರೂ ಮೊದಲ ದಿನವೇ ಹಾಕಿ ನೋಡಿ. ಎರಡನೆಯದು ಅಂಕಿಗಳ ಅಗಲ. 111 ಮತ್ತು 888 ಒಂದರ ಕೆಳಗೊಂದು ಬರೆದಾಗ ಅಂಚು ಕೂಡದಿದ್ದರೆ ಟ್ಯಾಬ್ಯುಲರ್ ಅಂಕಿಗಳ ಆಯ್ಕೆ ಹಾಕಬೇಕು. ಜಾಲಪುಟದಲ್ಲಾದರೆ ಹೀಗೆ:

```
font-variant-numeric: tabular-nums;
```

ಮಾಂಟ್ಸೆರಾಟ್ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ. 2017ರಲ್ಲಿ ಜಾಕ್ ಲ ಬಾಯಿ ಆ ಇಡೀ ಕುಟುಂಬವನ್ನು ಮತ್ತೆ ಬರೆದರು. ದೀರ್ಘ ಓದಿಗೆ ಹಿತವಾಗಲೆಂದು ರೆಗ್ಯುಲರ್ ದಪ್ಪವನ್ನು ತೆಳುಗೊಳಿಸಿದರು. ಹೆಸರು ಮಾತ್ರ ಅದೇ ಉಳಿಯಿತು. ಹಾಗಾಗಿ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹಳೆಯದಿದ್ದು ನಿಮ್ಮಲ್ಲಿ ಹೊಸದಿದ್ದರೆ, ಅಲ್ಲಿ ಕಡತ ತೆರೆದಾಗ ಬರಹ ದಪ್ಪಗಾಗಿ ಸಾಲುಗಳು ಜರುಗುತ್ತವೆ. ಫೋನಿನಲ್ಲಿ ಎಷ್ಟು ಮಾತಾಡಿದರೂ ಇಬ್ಬರಿಗೂ ಕಾರಣ ಹೊಳೆಯುವುದಿಲ್ಲ. ಎರಡೂ ಕಡೆ ಫಾಂಟಿನ ಆವೃತ್ತಿ ಸಂಖ್ಯೆ ಓದಿಸಿ, ಅಥವಾ ಫಾಂಟ್ ಸೇರಿಸಿದ ಪಿಡಿಎಫ್ ಮಾತ್ರ ಕಳಿಸಿ.

ಕನ್ನಡ ಸಾಲೂ ಇದ್ದರೆ? ಗಾಥಮ್‌ನಲ್ಲೂ ಕನ್ನಡವಿಲ್ಲ, ಮಾಂಟ್ಸೆರಾಟ್‌ನಲ್ಲೂ ಇಲ್ಲ. ಹಳೆಯ ಪಟ್ಟಿಯಲ್ಲಿ ಕನ್ನಡಕ್ಕೆ ಬೇರೆಯೇ ಫಾಂಟ್ ಇದ್ದು, ಇಂಗ್ಲಿಷಿನ ಪಕ್ಕ ಅದರ ಗಾತ್ರವನ್ನು ಯಾರೋ ಕಣ್ಣಳತೆಯಲ್ಲಿ ಹೊಂದಿಸಿರುತ್ತಾರೆ. ಇಂಗ್ಲಿಷನ್ನು 8.6ಕ್ಕೆ ಇಳಿಸಿದ ಕೂಡಲೇ ಆ ಹೊಂದಿಕೆ ಕೆಡುತ್ತದೆ. ಕನ್ನಡವನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಒತ್ತಕ್ಷರಗಳು ಮುದ್ರಣದಲ್ಲಿ ಕಟ್ಟಿಕೊಳ್ಳಬಹುದು. ಅಲ್ಲಿ ನಾನು ಕನ್ನಡದ ಗಾತ್ರ ಮುಟ್ಟದೆ, ಇಂಗ್ಲಿಷಿಗೆ ಗಾತ್ರ ಇಳಿಸಬೇಕಿಲ್ಲದ ಮೆಟ್ರೊಪೊಲಿಸ್ ಕಡೆಗೇ ಹೋಗುತ್ತೇನೆ.

ಕಾನೂನಿನ ಮಾತು ಚಿಕ್ಕದು. ಅಮೆರಿಕದಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ, ಫಾಂಟ್ ಎಂಬ ತಂತ್ರಾಂಶಕ್ಕೆ ಇದೆ. ಹಾಗಾಗಿ ಹೋಲುವ ಫಾಂಟ್ ಮಾಡುವುದು ಅಲ್ಲಿ ತಪ್ಪಲ್ಲ; ಗಾಥಮ್ ಕಡತವನ್ನೇ ಯಾವುದೋ ‘ಫ್ರೀ ಡೌನ್‌ಲೋಡ್’ ತಾಣದಿಂದ ಇಳಿಸಿಕೊಳ್ಳುವುದು, ಹಳೆಯ ಪಿಡಿಎಫ್‌ನಿಂದ ಕಿತ್ತು ಬಳಸುವುದು ತಪ್ಪು. ಮಾಂಟ್ಸೆರಾಟ್ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ವ್ಯಾಪಾರಕ್ಕೂ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ.

ಕಾಫಿಪುಡಿ ಅಂಗಡಿಯವರಿಗೆ ನನ್ನ ತೀರ್ಪು ಇದು. ಲೋಗೊ ಮತ್ತು ಪೊಟ್ಟಣದ ಮೇಲಿನ ಹೆಸರು ಈಗಿರುವ ಕರ್ವ್ ರೂಪದಲ್ಲೇ ಉಳಿಯಲಿ. ಮುದ್ರಿತ ಪಟ್ಟಿ, ಲೆಟರ್‌ಹೆಡ್‌ಗೆ ಮೆಟ್ರೊಪೊಲಿಸ್. ₹ ಪರೀಕ್ಷೆಯಲ್ಲಿ ಅದು ಸೋತರೆ, ಮತ್ತು ಜಾಲತಾಣಕ್ಕೆ, ಅಳೆದು ಇಳಿಸಿದ ಮಾಂಟ್ಸೆರಾಟ್. ಒಂದೇ ಹಾಳೆಯ ಮೇಲೆ ಗಾಥಮ್‌ನ ಹಳೆಯ ಸಾಲನ್ನೂ ಹೊಸ ಫಾಂಟಿನ ಸಾಲನ್ನೂ ಪಕ್ಕಪಕ್ಕ ಇಡಬೇಡಿ, ಬದಲಿಸುವುದಾದರೆ ಆ ಹಾಳೆಯನ್ನು ಪೂರ್ತಿ ಬದಲಿಸಿ. ಫಾಂಟಿನ ಜೊತೆ ಬರುವ ಪರವಾನಗಿ ಕಡತವನ್ನು ಲೋಗೊ ಇಟ್ಟ ಫೋಲ್ಡರಿನಲ್ಲೇ ಉಳಿಸಿಕೊಳ್ಳಿ, ಮುಂದಿನ ಡಿಟಿಪಿಯವರಿಗೆ ಅದು ಬೇಕಾಗುತ್ತದೆ.